ಡಿಸ್ಚಾರ್ಜ್ ಆದ ಮೇಲೆ ಬರುವ ಮೆಸೇಜ್: ಒಂದು ಪಿತ್ತಕೋಶದ ಆಪರೇಷನ್ನಿನ ಲೆಕ್ಕ

ಪಿತ್ತಕೋಶದ ಕಲ್ಲಿಗೆ ಲ್ಯಾಪರೋಸ್ಕೋಪಿ ಆಪರೇಷನ್ ಆದವರನ್ನು ಸಾಮಾನ್ಯವಾಗಿ ಮರುದಿನವೇ ಮನೆಗೆ ಕಳಿಸುತ್ತಾರೆ. ರಿವ್ಯೂ ಇರುವುದು ಏಳರಿಂದ ಹತ್ತನೇ ದಿನದ ನಡುವೆ. ಪಿತ್ತರಸ ಸೋರಿಕೆಯಂಥ ದೊಡ್ಡ ತೊಂದರೆ ಆಗುವುದಿದ್ದರೆ ಅದು ಹೆಚ್ಚಾಗಿ ತಲೆಯೆತ್ತುವುದು ಮೊದಲ ವಾರದಲ್ಲೇ, ಅಂದರೆ ರಿವ್ಯೂಗಿಂತ ಮೊದಲು, ರೋಗಿ ಮನೆಯಲ್ಲಿರುವಾಗ. ಹಾಗಾಗಿ ಮೆಸೇಜಿನಲ್ಲಿ ಬರೆಯುವ ತಾರೀಖು ಎಲ್ಲವೂ ಸರಿಯಾಗಿ ನಡೆದವರಿಗೆ ಮಾತ್ರ ಸರಿ. ಉಳಿದವರಿಗೆ ಅದು ತಡ. ಡಿಸ್ಚಾರ್ಜ್ ಟೇಬಲ್ಲಿನಲ್ಲಿ ಈ ಮೆಸೇಜ್ ತಯಾರಿಸುವ ನಾವು ಮೊದಲು ಮನಸ್ಸಿನಲ್ಲಿ ಇಟ್ಟುಕೊಳ್ಳುವುದು ಇದನ್ನೇ. ತಾರೀಖು ದೊಡ್ಡ ಅಕ್ಷರದಲ್ಲಿ ಕಂಡಷ್ಟೂ ಜನ ಅದಕ್ಕಾಗಿ ಕಾಯುತ್ತಾರೆ.

ಒಂದು ಕೇಸನ್ನು ಹಿಡಿದು ಹೋದರೆ ಕೆಲಸ ಹೇಗೆ ನಡೆಯುತ್ತದೆಂದು ತಿಳಿಯುತ್ತದೆ. ರೋಗಿಗೆ 52 ವರ್ಷ. ಆಪರೇಷನ್ ಜುಲೈ 7, ಮಂಗಳವಾರ. ಡಿಸ್ಚಾರ್ಜ್ 8, ಬುಧವಾರ. ಆಪರೇಷನ್ನಿಗೆ ಮುಂಚೆ ರಕ್ತದಲ್ಲಿ ಕಾಮಾಲೆ ತರುವ ಹಳದಿ ಅಂಶವಾದ ಬಿಲಿರುಬಿನ್ 2.1 ಇತ್ತು, ಅಂದರೆ ತುಸು ಹೆಚ್ಚು. ಪಿತ್ತನಾಳದಲ್ಲಿ ಕಲ್ಲು ಸಿಕ್ಕಿಕೊಂಡಿದೆಯೇ ಎಂದು ಎಂಆರ್‌ಸಿಪಿ ಸ್ಕ್ಯಾನ್ ಮಾಡಿಸಿದ್ದರು, ಅದರಲ್ಲಿ ನಾಳ ಖಾಲಿ ಇತ್ತು. ಡಿಸ್ಚಾರ್ಜ್ ದಿನ ಬೆಳಿಗ್ಗೆ ಬಿಲಿರುಬಿನ್ 1.4ಕ್ಕೆ ಇಳಿದಿತ್ತು. ಹೊಟ್ಟೆಯಲ್ಲಿ ಡ್ರೈನ್ ಪೈಪ್ ಇಟ್ಟಿರಲಿಲ್ಲ. ನಾಲ್ಕು ಸಣ್ಣ ಗಾಯ, ಚರ್ಮಕ್ಕೆ ತೆಗೆಯಬೇಕಾದ ಹೊಲಿಗೆ.

ಮೊದಲು ಕೂಡಿಸಬೇಕಾದದ್ದು ತಾರೀಖು. ಕಂಪ್ಯೂಟರ್ ತಾನಾಗಿ ಹಾಕುವುದು ‘ಏಳನೇ ದಿನ’, ಅಂದರೆ ಜುಲೈ 14. ಹೊಲಿಗೆ ಬಿಚ್ಚುವುದಕ್ಕೆ ಅದು ಸಾಕು. ಆದರೆ ರಿವ್ಯೂ ದಿನ ನೋಡಲೇಬೇಕಾದ ಕಾಗದ ಒಂದಿದೆ: ತೆಗೆದ ಪಿತ್ತಕೋಶದ ಬಯಾಪ್ಸಿ ರಿಪೋರ್ಟ್. ಅಂಗವನ್ನು ಫಾರ್ಮಲಿನ್‌ನಲ್ಲಿ ನೆನೆಯಿಟ್ಟು, ತುಂಡು ಮಾಡಿ, ಮೇಣದಲ್ಲಿ ಕೂರಿಸಿ, ತೆಳುವಾಗಿ ಸೀಳಿ, ಬಣ್ಣ ಹಾಕಿ ನೋಡಬೇಕು. ಆತುರಪಡಿಸಿದರೆ ಬೇಗ ಆಗುವ ಕೆಲಸವಲ್ಲ ಅದು. ನಮ್ಮ ಲ್ಯಾಬ್ ಕೊಟ್ಟ ಗಡುವು ಆರು ಕೆಲಸದ ದಿನ. 8, 9, 10, 11 ಆಯಿತು, 12 ಭಾನುವಾರ, ಆಮೇಲೆ 13, 14. ರಿಪೋರ್ಟ್ ಕೈಗೆ ಸಿಗುವುದು 14ರ ಸಂಜೆ. ರೋಗಿ 14ರ ಬೆಳಿಗ್ಗೆಯೇ ಬಂದರೆ ಹೊಲಿಗೆ ಬಿಚ್ಚಿಸಿಕೊಂಡು ಹೋಗುತ್ತಾರೆ, ‘ರಿಪೋರ್ಟ್ ಆಮೇಲೆ ತೋರಿಸಿ’ ಅಂತ ಮಾತಾಗುತ್ತದೆ, ಆ ಆಮೇಲೆ ಬಹಳಷ್ಟು ಜನರಿಗೆ ಬರುವುದೇ ಇಲ್ಲ. ನೋವಿಲ್ಲ, ಹೊಲಿಗೆ ಹೋಯಿತು, ಇನ್ನೇನು ಎಂದುಕೊಳ್ಳುತ್ತಾರೆ. ಕಲ್ಲಿಗೆಂದು ತೆಗೆದ ಪಿತ್ತಕೋಶದಲ್ಲಿ ಯಾರೂ ನಿರೀಕ್ಷಿಸದ ಕ್ಯಾನ್ಸರ್ ಸಿಗುವುದು ಅಪರೂಪ, ಆದರೆ ಸಿಕ್ಕಾಗ ಅದು ಗೊತ್ತಾಗುವುದು ಈ ಒಂದು ರಿಪೋರ್ಟಿನಿಂದಲೇ. ಆದ್ದರಿಂದ ತಾರೀಖನ್ನು 16, ಗುರುವಾರಕ್ಕೆ ತಳ್ಳಿದೆವು. ಒಂಬತ್ತನೇ ದಿನ, ಹೊಲಿಗೆಗೂ ತಡವಲ್ಲ.

ಬರೆಯುವಾಗ ‘16/07’ ಅಂತಷ್ಟೇ ಹಾಕುವುದಿಲ್ಲ, ‘ಜುಲೈ 16, ಗುರುವಾರ, ಬೆಳಿಗ್ಗೆ 10’ ಎಂದು ಪೂರ್ತಿ ಬರೆಯುತ್ತೇವೆ. 5/6, 7/8ರಂಥ ತಾರೀಖುಗಳಲ್ಲಿ ದಿನ ಯಾವುದು, ತಿಂಗಳು ಯಾವುದು ಎಂದು ಗೊಂದಲ ಆಗುತ್ತದೆ. ವಾರ ಜೊತೆಗಿದ್ದರೆ ಟೈಪ್ ಮಾಡುವಾಗ ಒಂದಂಕಿ ತಪ್ಪಿದ್ದರೂ ಓದುವವರೇ ಹಿಡಿಯುತ್ತಾರೆ. ‘16 ಶುಕ್ರವಾರ ಅಲ್ವಲ್ಲಾ’ ಎಂದು ಫೋನ್ ಬರುತ್ತದೆ.

ಇನ್ನು ತರಬೇಕಾದ ಕಾಗದಗಳು. ‘ಎಲ್ಲ ಹಳೆಯ ರಿಪೋರ್ಟ್ ತನ್ನಿ’ ಎಂದು ಬರೆದರೆ ಒಂದು ಚೀಲ ಬರುತ್ತದೆ, ಬೇಕಾದ ಕಾಗದ ಮಾತ್ರ ಮನೆಯಲ್ಲಿ ಉಳಿದಿರುತ್ತದೆ. ಈ ರೋಗಿಗೆ ಬೇಕಿದ್ದದ್ದು ನಾಲ್ಕೇ: ಡಿಸ್ಚಾರ್ಜ್ ಸಮ್ಮರಿ, ಬಯಾಪ್ಸಿ ರಿಪೋರ್ಟ್, ಹೊಸ ಎಲ್‌ಎಫ್‌ಟಿ ರಿಪೋರ್ಟ್, ಈಗ ನುಂಗುತ್ತಿರುವ ಮಾತ್ರೆಗಳ ಸ್ಟ್ರಿಪ್. ಎಂಆರ್‌ಸಿಪಿ ಫಿಲ್ಮ್ ಬೇಡ, ಅದರ ಸಾರ ಸಮ್ಮರಿಯಲ್ಲೇ ಇದೆ.

ಎಲ್‌ಎಫ್‌ಟಿ ಅಂದರೆ ಲಿವರಿನ ರಕ್ತಪರೀಕ್ಷೆ. ಪಿತ್ತಕೋಶ ತೆಗೆಸಿಕೊಂಡ ಎಲ್ಲರಿಗೂ ಇದನ್ನು ಮತ್ತೆ ಮಾಡಿಸಬೇಕೆಂದಿಲ್ಲ. ಇವರಿಗೆ ಬೇಕು, ಯಾಕೆಂದರೆ ಬಿಲಿರುಬಿನ್ ಇಳಿಯುತ್ತಿತ್ತೇ ಹೊರತು ಪೂರ್ತಿ ಇಳಿದಿರಲಿಲ್ಲ. ಮತ್ತೆ ಏರಿದರೆ ನಾಳದಲ್ಲಿ ಕಲ್ಲು ಉಳಿದಿರಬಹುದು, ಇಲ್ಲವೇ ನಾಳಕ್ಕೇ ಪೆಟ್ಟಾಗಿರಬಹುದು. ‘ರಿವ್ಯೂಗೆ ಎಲ್‌ಎಫ್‌ಟಿ’ ಎಂದು ಮಾತ್ರ ಬರೆದರೆ ಜನ ಅದೇ ದಿನ ಬೆಳಿಗ್ಗೆ ರಕ್ತ ಕೊಟ್ಟು ರಿಪೋರ್ಟ್ ಇಲ್ಲದೆ ಡಾಕ್ಟರ ಮುಂದೆ ಕೂರುತ್ತಾರೆ. ಹಾಗಾಗಿ ‘14ಕ್ಕೆ ರಕ್ತ ಕೊಡಿ, 15ಕ್ಕೆ ಎರಡೂ ರಿಪೋರ್ಟ್ ಲ್ಯಾಬಿನಿಂದ ತೆಗೆದುಕೊಳ್ಳಿ’ ಎಂದು ಬಿಡಿಸಿ ಬರೆದೆವು. ‘ಖಾಲಿ ಹೊಟ್ಟೆ ಬೇಡ’ ಎಂದೂ ಸೇರಿಸಿದೆವು. ಅದೊಂದು ಮಾತು ಇಲ್ಲದಿದ್ದರೆ ನಮ್ಮ ಫೋನ್ ಬೆಳಗಿನಿಂದ ಬಿಡುವಿಲ್ಲದೆ ಬಾರಿಸುತ್ತದೆ.

ಈಗ ಮುಖ್ಯ ಭಾಗ, ಬೇಗ ಬರಬೇಕಾದ ಲಕ್ಷಣಗಳು. ಇಲ್ಲಿ ಹೆಚ್ಚಿನ ಮೆಸೇಜುಗಳು ‘ಜ್ವರ, ನೋವು, ವಾಂತಿ ಇದ್ದರೆ ಸಂಪರ್ಕಿಸಿ’ ಎಂಬಲ್ಲಿಗೆ ಮುಗಿಯುತ್ತವೆ. ಆಪರೇಷನ್ ಆದವರಿಗೆ ನೋವು ಇದ್ದೇ ಇರುತ್ತದೆ. ಅದು ಇದ್ದರೆ ಕರೆ ಮಾಡಿ ಎಂದರೆ ಅರ್ಧ ಜನ ದಿನಾ ಕರೆ ಮಾಡುತ್ತಾರೆ, ಇನ್ನರ್ಧ ಜನ ಯಾವತ್ತೂ ಮಾಡುವುದಿಲ್ಲ. ಹೇಳಬೇಕಾದದ್ದು ನೋವಿನ ದಿಕ್ಕು. ಲ್ಯಾಪರೋಸ್ಕೋಪಿ ಆದಮೇಲೆ ನೋವು ದಿನದಿಂದ ದಿನಕ್ಕೆ ಇಳಿಯಬೇಕು. ಇಳಿಯುತ್ತಿದ್ದದ್ದು ತಿರುಗಿ ಏರಿದರೆ ಅದೇ ಎಚ್ಚರಿಕೆ. ಹಾಗೆಯೇ ಭುಜದ ತುದಿಯಲ್ಲಿ ನೋವು ಎರಡು ಮೂರು ದಿನ ಇರುವುದು ಸಹಜ. ಹೊಟ್ಟೆ ಉಬ್ಬಿಸಲು ತುಂಬಿದ ಕಾರ್ಬನ್ ಡೈಆಕ್ಸೈಡ್ ಎದೆ ಮತ್ತು ಹೊಟ್ಟೆಯ ನಡುವಿನ ಸ್ನಾಯುವಾದ ವಪೆಯನ್ನು ಕೆರಳಿಸುತ್ತದೆ, ಆ ನೋವು ಭುಜದಲ್ಲಿ ಕಾಣಿಸುತ್ತದೆ. ಇದನ್ನು ಮೊದಲೇ ಹೇಳದಿದ್ದರೆ ಹೃದಯವೇ ಕೈಕೊಟ್ಟಿತು ಎಂದು ಗಾಬರಿಯಾಗುತ್ತಾರೆ. ನಾಲ್ಕನೇ ದಿನಕ್ಕೂ ಹೋಗದಿದ್ದರೆ, ಇಲ್ಲವೇ ಹೋಗಿದ್ದು ಮರಳಿ ಬಂದರೆ, ಆಗ ಅದು ಗ್ಯಾಸ್ ಅಲ್ಲ ಎಂದು ತಿಳಿದು ನೋಡಬೇಕು. ವಪೆಯ ಕೆಳಗೆ ಪಿತ್ತರಸ ಅಥವಾ ರಕ್ತ ಕೂಡಿಕೊಂಡರೂ ಭುಜ ನೋಯುತ್ತದೆ.

ಜ್ವರದ ವಿಷಯ ಇನ್ನೂ ಸೂಕ್ಷ್ಮ. ಮೆಸೇಜಿನಲ್ಲಿ 100.4 ಡಿಗ್ರಿ ಎಂದು ಅಂಕಿಯನ್ನೇ ಬರೆಯುತ್ತೇವೆ, ‘ಮೈ ಬಿಸಿ’ ಎಂಬುದು ಒಬ್ಬೊಬ್ಬರಿಗೆ ಒಂದೊಂದು. ಆದರೆ ನೋವಿಗೆಂದು ಕೊಟ್ಟ ಮಾತ್ರೆ ಪ್ಯಾರಾಸಿಟಮಾಲ್, ಅದೇ ಜ್ವರದ ಮಾತ್ರೆಯೂ ಹೌದು. ಆರು ಗಂಟೆಗೊಮ್ಮೆ ನುಂಗುತ್ತಿರುವವರಲ್ಲಿ ಒಳಗೆ ಸೋಂಕಿದ್ದರೂ ಥರ್ಮಾಮೀಟರ್ 99ರಲ್ಲೇ ನಿಲ್ಲಬಹುದು. ಅದಕ್ಕೆ ‘ಮಾತ್ರೆ ನುಂಗುವ ಮುಂಚೆ ಜ್ವರ ನೋಡಿ’ ಎಂಬ ಸಾಲು ಬೇಕೇ ಬೇಕು. ಜ್ವರ ಇಲ್ಲವೆಂದ ಮಾತ್ರಕ್ಕೆ ನೋವಿನ ಏರಿಕೆಯನ್ನು ತಳ್ಳಿಹಾಕಬಾರದು.

ಕಾಮಾಲೆ ಎಂಬ ಹೆಸರನ್ನು ಮಾತ್ರ ಬರೆದರೆ ಸಾಲದು, ಎಲ್ಲಿ ನೋಡಬೇಕೆಂದೂ ಹೇಳಬೇಕು. ಕಣ್ಣಿನ ಬಿಳಿ ಭಾಗವನ್ನು ಹಗಲು ಬೆಳಕಿನಲ್ಲಿ ನೋಡಬೇಕು, ಹಳದಿ ಬಲ್ಬಿನ ಕೆಳಗೆ ಅದು ಗೊತ್ತಾಗುವುದಿಲ್ಲ. ನೀರು ಚೆನ್ನಾಗಿ ಕುಡಿದರೂ ಮೂತ್ರ ಕಡುಬಣ್ಣಕ್ಕೇ ಇದ್ದರೆ, ಮಲ ಬಿಳಿಚಿಕೊಂಡರೆ, ಪಿತ್ತರಸ ಕರುಳಿಗೆ ಇಳಿಯುತ್ತಿಲ್ಲ ಎಂದರ್ಥ. ಸ್ವಲ್ಪ ದಿನ ಮಲ ಸಡಿಲವಾಗುವುದು ಮಾತ್ರ ಪಿತ್ತಕೋಶ ಹೋದವರಲ್ಲಿ ಸಾಮಾನ್ಯ, ಅದನ್ನು ರಿವ್ಯೂ ದಿನ ಹೇಳಿದರಾಯಿತು.

ಇದನ್ನೆಲ್ಲ ಒಂದು ಎಸ್‌ಎಂಎಸ್‌ಗೆ ತುಂಬುವುದೇ ಒಂದು ಕಸರತ್ತು. ಇಂಗ್ಲಿಷಿನಲ್ಲಿ ಒಂದು ಎಸ್‌ಎಂಎಸ್‌ಗೆ 160 ಅಕ್ಷರ ಸಿಗುತ್ತದೆ, ಕನ್ನಡದಲ್ಲಿ 70. ಉದ್ದವಾದರೆ 67ರ ತುಂಡುಗಳಾಗಿ ಹೋಗಿ ಮೊಬೈಲಿನಲ್ಲಿ ಒಂದಾಗುತ್ತದೆ. ಒತ್ತು, ಗುಣಿತ, ಅರ್ಧಾಕ್ಷರದ ಚಿಹ್ನೆ ಎಲ್ಲವೂ ಬೇರೆ ಬೇರೆ ಎಣಿಕೆ. ‘ಶಸ್ತ್ರಚಿಕಿತ್ಸೆ’ ಎಂದು ಬರೆದರೆ 14 ಹೋಯಿತು, ‘ಆಪರೇಷನ್’ ಅಂದರೆ 7ರಲ್ಲಿ ಮುಗಿಯಿತು. ನಾವು ಅದನ್ನೇ ಆರಿಸುವುದು ಹೀಗಾಗಿ. ತುಂಡುಗಳಲ್ಲಿ ಒಂದು ತಡವಾದರೆ ಅಥವಾ ಬಾರದೇ ಹೋದರೆ ಕೆಲವು ಹಳೆಯ ಫೋನುಗಳಲ್ಲಿ ಮಾತು ಅರ್ಧಕ್ಕೆ ತುಂಡಾಗಿ ಕಾಣುತ್ತದೆ. ಅದಕ್ಕೇ ಒಂದೇ ಉದ್ದ ಮೆಸೇಜ್ ಕಳಿಸದೆ ಎರಡು ಕಳಿಸುತ್ತೇವೆ. ಮೊದಲನೆಯದರಲ್ಲಿ ಲಕ್ಷಣಗಳು, ಎರಡನೆಯದರಲ್ಲಿ ತಾರೀಖು ಮತ್ತು ಕಾಗದಗಳು. ಇಬ್ಬರಿಗೆ ಕಳಿಸುತ್ತೇವೆ, ರೋಗಿಗೂ ಮನೆಯಲ್ಲಿ ಜೊತೆಗಿರುವವರಿಗೂ.

ಆ ದಿನ ಹೋದ ಮೊದಲ ಮೆಸೇಜ್ ಹೀಗಿತ್ತು:

“ಜುಲೈ 7ರ ಪಿತ್ತಕೋಶದ ಆಪರೇಷನ್. ಇವುಗಳಲ್ಲಿ ಒಂದು ಕಂಡರೂ ರಿವ್ಯೂ ತಾರೀಖಿಗೆ ಕಾಯಬೇಡಿ, ರಾತ್ರಿಯಾದರೂ ಅದೇ ದಿನ ಬನ್ನಿ. ಇಳಿಯುತ್ತಿದ್ದ ಹೊಟ್ಟೆನೋವು ಮತ್ತೆ ಏರಿದರೆ. ಹೊಟ್ಟೆ ಉಬ್ಬಿ ಬಿಗಿಯಾದರೆ. ಜ್ವರ 100.4 ದಾಟಿದರೆ, ಚಳಿ ನಡುಕ ಬಂದರೆ (ಮಾತ್ರೆಗೆ ಮುಂಚೆ ನೋಡಿ). ಕಣ್ಣು ಹಳದಿ, ಮೂತ್ರ ಕಡುಬಣ್ಣ ಆದರೆ. ಪದೇ ಪದೇ ವಾಂತಿಯಾದರೆ. ಗಾಯದಿಂದ ಕೀವು ಅಥವಾ ಹಸಿರು-ಹಳದಿ ನೀರು ಬಂದರೆ. ಒಂದೇ ಕಾಲು ಊದಿ ನೋಯುತ್ತಿದ್ದರೆ. ಎದೆನೋವು, ಉಸಿರಾಟದ ಕಷ್ಟ ಇದ್ದರೆ ಫೋನ್ ಮಾಡುತ್ತ ಕೂರದೆ ಹತ್ತಿರದ ಎಮರ್ಜೆನ್ಸಿಗೆ ಹೋಗಿ.” ಕೊನೆಯಲ್ಲಿ ವಾರ್ಡಿನ ಫೋನ್ ನಂಬರ್. ಮೆಸೇಜ್ ಕಳಿಸುವ ನಂಬರಿಗೆ ತಿರುಗಿ ಕರೆ ಮಾಡಿದರೆ ಯಾರೂ ಎತ್ತುವುದಿಲ್ಲ, ಅದನ್ನೂ ಬಿಡಿಸಿ ಹೇಳಬೇಕು. ಕೊಡುವ ನಂಬರ್ ರಾತ್ರಿ ಎರಡಕ್ಕೂ ಎತ್ತುವಂಥದ್ದೇ ಆಗಿರಬೇಕು. ಓಪಿಡಿ ಕೌಂಟರಿನ ನಂಬರ್ ಕೊಟ್ಟರೆ ಸಂಜೆಯ ಮೇಲೆ ಅದು ಇದ್ದೂ ಇಲ್ಲದಂತೆ.

ಮೆಸೇಜ್ ಹೋದ ಮೇಲೆ, ರೋಗಿ ವೀಲ್‌ಚೇರ್ ಹತ್ತುವ ಮುಂಚೆ, ಮನೆಯವರ ಕೈಯಲ್ಲೇ ಅದನ್ನು ತೆರೆಸುತ್ತೇವೆ. ‘ಅರ್ಥ ಆಯಿತಾ’ ಎಂದು ಕೇಳಿದರೆ ಎಲ್ಲರೂ ಆಯಿತು ಅನ್ನುತ್ತಾರೆ. ಕೇಳಬೇಕಾದ ಪ್ರಶ್ನೆ ಬೇರೆ: ‘ಶನಿವಾರ ರಾತ್ರಿ ಅತ್ತೆಗೆ ಹೊಟ್ಟೆನೋವು ಜಾಸ್ತಿ ಆಯಿತು ಅನ್ನಿ, ಏನು ಮಾಡ್ತೀರಿ?’ ಸೊಸೆ ಕೊಟ್ಟ ಮೊದಲ ಉತ್ತರ, ‘ಮಾತ್ರೆ ಕೊಟ್ಟು ಮಲಗಿಸ್ತೀನಿ.’ ಆಗ ಮೆಸೇಜಿನ ಎರಡನೇ ಸಾಲನ್ನು ಅವರಿಂದಲೇ ಗಟ್ಟಿಯಾಗಿ ಓದಿಸಿದೆವು.

ಶನಿವಾರ, 11ನೇ ತಾರೀಖು ಸಂಜೆ, ವಾರ್ಡಿಗೆ ಅದೇ ಸೊಸೆಯ ಫೋನ್ ಬಂತು.

‘ಸಿಸ್ಟರ್, ಅತ್ತೆಗೆ ಗುರುವಾರ ನೋವು ಕಮ್ಮಿ ಆಗಿತ್ತು. ನಿನ್ನೆ ರಾತ್ರಿಯಿಂದ ಮತ್ತೆ ಜಾಸ್ತಿ ಅಂತಿದ್ದಾರೆ. ಜ್ವರ ಏನೂ ಇಲ್ಲ, 99 ಇದೆ. ಗುರುವಾರ ಹೇಗೂ ಬರ್ತೀವಲ್ಲ, ಅಲ್ಲೀವರೆಗೂ ನೋಡೋಣ್ವಾ?’

‘ಜ್ವರ ನೋಡಿದ್ದು ಮಾತ್ರೆ ಕೊಟ್ಟ ಮೇಲೋ, ಮುಂಚೇನೋ ಅಮ್ಮಾ?’

‘ಕೊಟ್ಟು ಎರಡು ಗಂಟೆ ಆಗಿತ್ತು.’

‘ಊಟ ಮಾಡಿದ್ರಾ? ಹೊಟ್ಟೆ ಮುಟ್ಟಿ ನೋಡಿ, ಮೆತ್ತಗಿದೆಯಾ?’

‘ಬೆಳಿಗ್ಗೆಯಿಂದ ಏನೂ ಬೇಡ ಅಂತಿದ್ದಾರೆ. ಹೊಟ್ಟೆ ಬಿಗಿ ಇದೆ ಸಿಸ್ಟರ್.’

‘ಈಗಲೇ ಹೊರಟುಬನ್ನಿ. ಬಾಯಿಗೆ ಏನೂ ಕೊಡಬೇಡಿ. ಸಮ್ಮರಿ ತನ್ನಿ, ಬೇರೆ ಕಾಗದಕ್ಕೆ ಹುಡುಕುತ್ತ ಕೂರಬೇಡಿ.’

ಬಾಯಿಗೆ ಏನೂ ಬೇಡ ಎಂದದ್ದು, ಬಂದ ಮೇಲೆ ಅರಿವಳಿಕೆ ಕೊಡಬೇಕಾಗಬಹುದು ಎಂಬ ಕಾರಣಕ್ಕೆ. ಅಲ್ಟ್ರಾಸೌಂಡ್‌ನಲ್ಲಿ ಲಿವರಿನ ಕೆಳಗೆ ನೀರು ಕೂಡಿದ್ದು ಕಂಡಿತು. ಅಲ್ಟ್ರಾಸೌಂಡ್ ನೋಡುತ್ತಲೇ ಸೂಜಿ ಹಾಕಿ ಡ್ರೈನ್ ಇಟ್ಟಾಗ ಬಂದದ್ದು ಪಿತ್ತರಸ. ಪಿತ್ತಕೋಶ ಕತ್ತರಿಸಿದ ಬುಡದಲ್ಲಿ ಕ್ಲಿಪ್ ಹಾಕಿದ ನಾಳ, ಇಲ್ಲವೇ ಲಿವರಿನಿಂದ ನೇರ ಬರುವ ಯಾವುದೋ ಸಣ್ಣ ನಾಳ, ಹೀಗೆ ಸೋರುವುದುಂಟು. ಪಿತ್ತರಸ ಮೊದಮೊದಲು ದೊಡ್ಡ ಗದ್ದಲ ಮಾಡುವುದಿಲ್ಲ. ಹಸಿವು ಹೋಗುತ್ತದೆ, ಹೊಟ್ಟೆ ತುಂಬಿದಂತಾಗುತ್ತದೆ, ನೋವು ನಿಧಾನಕ್ಕೆ ಏರುತ್ತದೆ. ಜ್ವರ ಕಾಯುತ್ತ ಕೂತರೆ ಅಷ್ಟರಲ್ಲಿ ಸೋಂಕು ಹತ್ತಿರುತ್ತದೆ. ಜುಲೈ 13, ಸೋಮವಾರ ಇಆರ್‌ಸಿಪಿ ಮಾಡಿ, ಅಂದರೆ ಬಾಯಿಂದ ಎಂಡೋಸ್ಕೋಪ್ ಇಳಿಸಿ, ಪಿತ್ತನಾಳದೊಳಗೆ ಪ್ಲಾಸ್ಟಿಕ್ ಸ್ಟೆಂಟ್ ಕೂರಿಸಿದರು. ಪಿತ್ತರಸಕ್ಕೆ ಕರುಳಿನ ಕಡೆ ಸುಲಭದ ದಾರಿ ಸಿಕ್ಕಿದ್ದರಿಂದ ಸೋರಿಕೆ ನಿಂತಿತು, ಡ್ರೈನಿನಲ್ಲಿ ಬರುವುದೂ ನಿಂತಿತು, ಪೈಪ್ ತೆಗೆದರು.

ಇಷ್ಟಾಗುವಾಗ ಹಳೆಯ ಮೆಸೇಜಿನ ಒಂದು ಬಾಲ ಕಂಪ್ಯೂಟರಿನಲ್ಲಿ ಉಳಿದಿತ್ತು. ‘ನಾಳೆ ನಿಮ್ಮ ರಿವ್ಯೂ’ ಎಂಬ ನೆನಪಿನ ಮೆಸೇಜ್ 15ರಂದು ತಾನಾಗಿ ಹೋಗುವಂತಿತ್ತು. ರೋಗಿ ವಾರ್ಡಿನಲ್ಲೇ ಮಲಗಿದ್ದಾರೆ, ಮನೆಯಲ್ಲಿ ಫೋನ್ ಹಿಡಿದವರು ಓಪಿಡಿಗೆ ಬಂದು ಸಾಲಿನಲ್ಲಿ ನಿಲ್ಲುತ್ತಾರೆ. ಮತ್ತೆ ಅಡ್ಮಿಟ್ ಆದ ದಿನವೇ ಹಳೆಯ ಅಪಾಯಿಂಟ್‌ಮೆಂಟನ್ನು ರದ್ದು ಮಾಡಬೇಕು. ಬಯಾಪ್ಸಿ ರಿಪೋರ್ಟನ್ನು ಮಾತ್ರ ಹಳೆಯ ತಾರೀಖಿನ ಜೊತೆ ಬಿಡಬಾರದು. 14ರ ಸಂಜೆ ಲ್ಯಾಬಿನಿಂದ ತರಿಸಿ ಕೇಸ್ ಶೀಟಿಗೆ ಸೇರಿಸಿದೆವು. ಕಲ್ಲಿನಿಂದಾದ ಹಳೆಯ ಉರಿಯೂತ, ಬೇರೇನಿಲ್ಲ.

ಎರಡನೇ ಡಿಸ್ಚಾರ್ಜ್ 18, ಶನಿವಾರ. ಹಳೆಯ ಮೆಸೇಜನ್ನು ನಕಲು ಮಾಡಿ ತಾರೀಖು ಬದಲಿಸಿದರೆ ಆಗುವ ಕೆಲಸವಲ್ಲ ಇದು. ಈಗ ಒಳಗೆ ಒಂದು ವಸ್ತು ಇದೆ, ಅದು ಹೊರಬರಬೇಕು. ಪ್ಲಾಸ್ಟಿಕ್ ಸ್ಟೆಂಟ್ ವಾರಗಳು ಕಳೆದಂತೆ ಕೊಳೆ ಕಟ್ಟಿ ಮುಚ್ಚಿಕೊಳ್ಳುತ್ತದೆ. ಮುಚ್ಚಿದರೆ ಪಿತ್ತನಾಳಕ್ಕೆ ಸೋಂಕು, ಕಾಮಾಲೆ. ರೋಗಿಗೆ ಸ್ಟೆಂಟ್ ಇರುವುದು ಮೈಗೆ ಗೊತ್ತಾಗುವುದಿಲ್ಲ. ನೋವಿಲ್ಲ, ಊಟ ಸೇರುತ್ತದೆ, ಮರೆಯುವುದಕ್ಕೆ ಇನ್ನೇನು ಬೇಕು? ಸ್ಟೆಂಟ್ ಅಂದ ಕೂಡಲೇ ಹೃದಯದ್ದು, ಜೀವಮಾನವಿಡೀ ಇರುವಂಥದ್ದು ಎಂದು ತಿಳಿಯುವವರೂ ಇದ್ದಾರೆ. ಆದ್ದರಿಂದ ಈ ಮೆಸೇಜಿನ ಮೊದಲ ಸಾಲೇ ಹೀಗಿತ್ತು: “ನಿಮ್ಮ ಪಿತ್ತನಾಳದಲ್ಲಿ ಪ್ಲಾಸ್ಟಿಕ್ ಸ್ಟೆಂಟ್ ಇದೆ. ಹಾಕಿದ್ದು ಜುಲೈ 13. ಆಗಸ್ಟ್ 24, ಸೋಮವಾರ ತೆಗೆಯಬೇಕು. ತಾನಾಗಿ ಕರಗುವುದಿಲ್ಲ.” ಆರು ವಾರದ ಲೆಕ್ಕ ಅದು, ಸೋರಿಕೆಗೆಂದು ಹಾಕಿದ ಸ್ಟೆಂಟಿಗೆ ಡಾಕ್ಟರ್ ಕೊಟ್ಟ ಗಡುವು.

ಲಕ್ಷಣಗಳ ಕ್ರಮವನ್ನೂ ಬದಲಿಸಿದೆವು. ಚಳಿ ನಡುಕದ ಜ್ವರ, ಹಳದಿ ಕಣ್ಣು, ಕಡುಬಣ್ಣದ ಮೂತ್ರ ಮೇಲಕ್ಕೆ ಬಂದವು. ಗಾಯದ ಮಾತು ಕೆಳಗೆ ಹೋಯಿತು. ಹೊಲಿಗೆ ವಾರ್ಡಿನಲ್ಲೇ ಬಿಚ್ಚಿಯಾಗಿತ್ತು. ರಿವ್ಯೂ ಜುಲೈ 27, ಸೋಮವಾರ, ಅದಕ್ಕೆ 25ರಂದು ಎಲ್‌ಎಫ್‌ಟಿ. ಆಗಸ್ಟ್ 24ಕ್ಕೆ ಬರುವಾಗ ಹಿಂದಿನ ರಾತ್ರಿ ಊಟದ ನಂತರ ಏನೂ ತಿನ್ನದೆ ಬರಬೇಕು, ಇಆರ್‌ಸಿಪಿ ರಿಪೋರ್ಟ್ ತರಬೇಕು, ರಕ್ತ ತೆಳುವಾಗಿಸುವ ಮಾತ್ರೆ ಯಾವುದಾದರೂ ಶುರುವಾಗಿದ್ದರೆ ವಾರ ಮುಂಚೆಯೇ ತಿಳಿಸಬೇಕು. ಮಾತ್ರೆಯನ್ನು ತಾವಾಗಿ ನಿಲ್ಲಿಸಬಾರದು ಎಂದೂ ಅಲ್ಲೇ ಬರೆದೆವು, ‘ತಿಳಿಸಿ’ ಎಂದರೆ ‘ನಿಲ್ಲಿಸಿ’ ಎಂದು ಓದಿಕೊಳ್ಳುವವರಿದ್ದಾರೆ.

ಒಂದು ಮೆಸೇಜಿನಲ್ಲಿ ಎರಡು ತಾರೀಖು ಇದ್ದರೆ ಹತ್ತಿರದ್ದು ಮಾತ್ರ ನೆನಪಿನಲ್ಲಿ ಉಳಿಯುತ್ತದೆ. 27ಕ್ಕೆ ಬಂದು, ‘ಎಲ್ಲ ಸರಿಯಿದೆ’ ಎಂದು ಕೇಳಿಸಿಕೊಂಡು ಹೋದವರಿಗೆ ಆಗಸ್ಟ್ ತಿಂಗಳಿನದ್ದು ಮುಗಿದುಹೋದ ಕೆಲಸದಂತೆ ಅನಿಸುತ್ತದೆ. ಹಾಗಾಗಿ ಸ್ಟೆಂಟಿನ ತಾರೀಖಿಗೆ ಬೇರೆಯದೇ ಮೆಸೇಜ್ ಇಟ್ಟೆವು: ಒಂದು ಡಿಸ್ಚಾರ್ಜ್ ದಿನ, ಇನ್ನೊಂದು 27ರ ರಿವ್ಯೂ ಮುಗಿದ ಸಂಜೆ, ಮತ್ತೊಂದು ಆಗಸ್ಟ್ 17ಕ್ಕೆ. ಇದರ ಜೊತೆಗೆ ವಾರ್ಡಿನ ಸ್ಟೆಂಟ್ ರಿಜಿಸ್ಟರಿನಲ್ಲಿ ಹೆಸರು, ಹಾಕಿದ ದಿನ, ತೆಗೆಯುವ ದಿನ, ಇಬ್ಬರ ಫೋನ್ ನಂಬರ್. ಮೆಸೇಜ್ ತಲುಪಿದೆ ಎಂಬ ಟಿಕ್ ಕಂಡರೆ ಆ ಸಾಲಿಗೆ ಗೆರೆ ಎಳೆಯುವಂತಿಲ್ಲ. ಎಂಡೋಸ್ಕೋಪಿ ರೂಮಿನಿಂದ ‘ಸ್ಟೆಂಟ್ ತೆಗೆಯಲಾಗಿದೆ’ ಎಂಬ ಚೀಟಿ ಬಂದ ಮೇಲೆಯೇ ಗೆರೆ. ಆಗಸ್ಟ್ 24ರ ಸಂಜೆಯವರೆಗೂ ಚೀಟಿ ಬಾರದಿದ್ದರೆ 25ರ ಬೆಳಿಗ್ಗೆ ಫೋನ್ ಮಾಡುವುದು ವಾರ್ಡಿನ ಕೆಲಸ.